ಕೂಲಿ ಉದ್ರಿ ಇರಲಿ, ಕಬ್ಬಿಣ ಉದ್ರಿ ಬ್ಯಾಡ: ಸಣ್ಣ ಕೆಲಸದ ಬಾಕಿ ವಸೂಲಿಗೆ ಒಂದು ಲೆಕ್ಕ

ಕೊಪ್ಪಳ ಜಿಲ್ಲೆಯ ಯಾವ ಊರಿಗೆ ಹೋದರೂ ವೆಲ್ಡಿಂಗ್ ಅಂಗಡಿಯವರ, ಬಡಿಗರ, ಮೋಟಾರು ಕಟ್ಟುವವರ, ಬ್ಲೌಸ್ ಹೊಲಿಯುವ ಅಕ್ಕಂದಿರ ಬಾಯಲ್ಲಿ ಒಂದೇ ಮಾತು: "ಕೆಲಸಕ್ಕೇನು ಬರ ಇಲ್ರೀ, ರೊಕ್ಕ ಬರೂದ ತ್ರಾಸು." ಗಿರಾಕಿ ಮೋಸಗಾರ ಅಂತಲ್ಲ. ಕೊಡುತ್ತಾನೆ, ಆದರೆ ಅವನ ಕೈಗೆ ಬಂದಾಗ ಕೊಡುತ್ತಾನೆ. ಅಲ್ಲಿಯವರೆಗೆ ಆ ರೊಕ್ಕದ ಭಾರ ಹೊರುವವನು ಕೆಲಸ ಮಾಡಿದವನು.

ಈ ಭಾರ ಎಷ್ಟು ಅಂತ ಲೆಕ್ಕ ಹಾಕಿ ನೋಡಿದವರು ಕಡಿಮೆ. ಅದಕ್ಕೇ ಒಂದು ಕೆಲಸವನ್ನು ಮೊದಲಿಂದ ಕೊನೆತನಕ ಹಿಡಿದು ನೋಡೋಣ. ಯಲಬುರ್ಗಾ ತಾಲ್ಲೂಕಿನ ಒಬ್ಬ ರೈತ ಹೊಲದಲ್ಲಿ ದನ ಕಟ್ಟಲು, ಹೊಟ್ಟು ಮೇವು ಇಡಲು ಒಂದು ತಗಡಿನ ಶೆಡ್ ಹಾಕಿಸುತ್ತಾನೆ ಅಂತ ಇಟ್ಟುಕೊಳ್ಳಿ. ಮಾತಾದ ರೇಟು 70,000 ರೂಪಾಯಿ. ಲೆಕ್ಕ ತಿಳಿಯಲೆಂದು ಹಿಡಿದ ಮೊತ್ತ ಇದು. ನಿಮ್ಮ ಕೆಲಸದ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಮಾತ್ರ ಇದೇ.

ಪೈಪು, ತಗಡು, ಹುಕ್ಕು, ವೆಲ್ಡಿಂಗ್ ಕಡ್ಡಿ, ಬಣ್ಣ, ಗಾಡಿ ಬಾಡಿಗೆ ಎಲ್ಲ ಸೇರಿ 48,000. ಇಬ್ಬರು ಆಳು, ನಾಲ್ಕು ದಿನ, ದಿನಕ್ಕೆ 600ರಂತೆ 4,800. ಜನರೇಟರ್ ಎಣ್ಣೆ, ಕಟಿಂಗ್ ಚಕ್ರ, ಮಷಿನ್ ಸವಕಳಿ ಅಂತ 2,200. ಅಲ್ಲಿಗೆ ಕೈಯಿಂದ ಹೋಗುವುದು 55,000. ಉಳಿದ 15,000 ವೆಲ್ಡರ್‌ನ ದುಡಿಮೆ. ಅದರಲ್ಲೇ ಅವನ ಮನೆ, ಅಂಗಡಿ ಬಾಡಿಗೆ, ಮಕ್ಕಳ ಫೀಸು.

ಈಗ ಸಾಮಾನ್ಯವಾಗಿ ಆಗುವುದೇನು? ರೈತ 20,000 ಕೈಗಿಟ್ಟು, "ಉಳಿದಿದ್ದು ಕಡ್ಲಿ ಮಾರಿ ಕೊಡ್ತೀನಿ, ನೀ ಚಾಲೂ ಮಾಡು" ಅನ್ನುತ್ತಾನೆ. ವೆಲ್ಡರ್ ಒಪ್ಪುತ್ತಾನೆ. ಉಳಿದ 35,000ಕ್ಕೆ ಅವನು ಕೈಸಾಲ ತರುತ್ತಾನೆ, ಇಲ್ಲವೇ ಕಬ್ಬಿಣದ ಅಂಗಡಿಯಲ್ಲಿ ತನ್ನ ಹೆಸರಿನ ಮೇಲೆ ಉದ್ರಿ ಬರೆಸುತ್ತಾನೆ. ನೂರಕ್ಕೆ ಮೂರರ ಬಡ್ಡಿ ಅಂದರೆ ತಿಂಗಳಿಗೆ 1,050 ರೂಪಾಯಿ. ಕಡ್ಲಿ ರೊಕ್ಕ ನಾಲ್ಕು ತಿಂಗಳು ತಡವಾದರೆ 4,200. ಅವನ 15,000ದ ದುಡಿಮೆ 10,800ಕ್ಕೆ ಇಳಿಯಿತು. ಗಿರಾಕಿ ಒಂದು ಪೈಸೆಯನ್ನೂ ಮುರಿದಿಲ್ಲ, ಪೂರ್ತಿ 70,000 ಕೊಟ್ಟಿದ್ದಾನೆ. ಆದರೂ ಕೂಲಿಯ ಕಾಲುಭಾಗಕ್ಕಿಂತ ಹೆಚ್ಚು ಬಡ್ಡಿಗೆ ಹೋಗಿದೆ. ರೈತನ ಶೆಡ್ಡಿಗೆ ವೆಲ್ಡರ್ ಬಡ್ಡಿಯಿಲ್ಲದ ಸಾಲ ಕೊಟ್ಟ, ಅದಕ್ಕೆ ಬಡ್ಡಿಯನ್ನೂ ತಾನೇ ಕಟ್ಟಿದ.

ಬಾಕಿ ಉಳಿದದ್ದು 50,000. ಅದರಲ್ಲಿ ಅವನ ಕೂಲಿ 15,000 ಮಾತ್ರ, ಮಿಕ್ಕ 35,000 ಕಬ್ಬಿಣದಂಗಡಿಯದು, ಆಳಿನದು. ನಮ್ಮ ಇಡೀ ತಾಪತ್ರಯ ಇರುವುದು ಈ 35,000ದಲ್ಲಿ.

ಆಯದ ಕಾಲದಲ್ಲಿ ಕಬ್ಬಿಣ ಯಾರದಿತ್ತು?

ಅಡ್ವಾನ್ಸ್ ಕೇಳಿದರೆ "ಏನಪಾ, ನಮ್ಮ ಮ್ಯಾಲ ನಂಬಿಗಿ ಇಲ್ಲೇನು? ನಮ್ಮಪ್ಪನ ಕಾಲದಿಂದ ಸುಗ್ಗಿಗೆ ಕೊಟ್ಟಗೋಂತ ಬಂದೀವಿ" ಅನ್ನುವ ಹಿರಿಯರು ಇದ್ದಾರೆ. ಅವರ ಮಾತು ಅರ್ಧ ಖರೆ. ಹಳ್ಳಿಯಲ್ಲಿ ಬಡಿಗ, ಕಂಬಾರರಿಗೆ ವರ್ಷಪೂರ್ತಿ ಕೆಲಸ ಮಾಡಿಸಿಕೊಂಡು ಸುಗ್ಗಿಯಲ್ಲಿ ಕಣದಲ್ಲೇ ಕಾಳು ಅಳೆದು ಕೊಡುವ ಆಯದ ಪದ್ಧತಿ ಇತ್ತು. ಇವತ್ತಿನ "ಸುಗ್ಗಿಗೆ ಕೊಡ್ತೀನಿ" ಎನ್ನುವ ಮಾತಿನ ಬೇರು ಅಲ್ಲಿದೆ.

ಇನ್ನರ್ಧ ಖರೆ ಬೇರೆ ಇದೆ. ಕುಳ ಬಡಿಸಬೇಕಾದರೆ ಕಬ್ಬಿಣ, ಇದ್ದಲು ತರುವವನು ಸಾಮಾನ್ಯವಾಗಿ ರೈತನೇ. ಕೂರಿಗೆ, ಬಂಡಿ ಗಾಲಿ ಮಾಡಿಸಬೇಕಾದರೆ ಕಟ್ಟಿಗೆಯೂ ರೈತನದೇ. ಕಂಬಾರ ಹಾಕುತ್ತಿದ್ದುದು ತನ್ನ ಕುಲುಮೆ, ತನ್ನ ಕೈ. ಸುಗ್ಗಿತನಕ ಉದ್ರಿ ಇರುತ್ತಿದ್ದುದು ಕೂಲಿ ಮಾತ್ರ, ಸಾಮಾನಿನ ರೊಕ್ಕ ಅಲ್ಲ. ಆಯ ಹೋಗಿ ರೊಕ್ಕದ ವ್ಯವಹಾರ ಬಂದ ಮೇಲೆ ಸಾಮಾನು ತರುವ ಹೊಣೆ ಸದ್ದಿಲ್ಲದೆ ಕೆಲಸಗಾರನ ಹೆಗಲಿಗೆ ಬಂತು, ಸುಗ್ಗಿತನಕ ಕಾಯುವ ರೂಢಿ ಮಾತ್ರ ಹಾಗೇ ಉಳಿಯಿತು. ಎರಡೂ ಒಬ್ಬನ ಮೇಲೆ ಬಿದ್ದದ್ದು ಹೊಸದು, ಹಳೇ ಸಂಪ್ರದಾಯವಲ್ಲ.

ಹಾಗಾಗಿ ಸಾಮಾನಿನ ರೊಕ್ಕ ಮೊದಲೇ ಕೇಳುವುದು ಅಪನಂಬಿಕೆಯ ಮಾತಲ್ಲ. ಆಯದ ಕಾಲದ ಹಿರಿಯರು ಹೊತ್ತ ಹೊಣೆಯನ್ನೇ ಗಿರಾಕಿಗೆ ವಾಪಸು ಕೊಡುವುದು ಅಷ್ಟೆ. ಕೂಲಿ ಉದ್ರಿ ಇರಲಿ, ಕಬ್ಬಿಣ ಉದ್ರಿ ಬ್ಯಾಡ. ಈ ಒಂದು ಸಾಲು ಗಟ್ಟಿ ಹಿಡಿದರೆ ಉಳಿದ ಲೆಕ್ಕ ತಾನಾಗಿ ಬರುತ್ತದೆ.

ಅದೇ ಶೆಡ್, ಮೂರು ಕಂತು

ಮೇಲಿನ 70,000ದ ಕೆಲಸವನ್ನು ಈಗ ಮೂರು ಕಂತು ಮಾಡೋಣ. ಮೊದಲ ಕಂತು 48,000, ಸಾಮಾನು ತರುವ ದಿನ. ಎರಡನೆಯದು 12,000, ಕಂಬ ನಿಂತು ಚೌಕಟ್ಟು ಬೆಸುಗೆಯಾಗಿ ಇನ್ನೂ ತಗಡು ಹೊದಿಸದೇ ಇರುವಾಗ. ಉಳಿದ 10,000 ಕೆಲಸ ಮುಗಿದ ಮೇಲೆ. ಬೇಕಿದ್ದರೆ ಅದನ್ನು ಸುಗ್ಗಿತನಕ ಬಿಡಿ.

ಮೊದಲ ಎರಡು ಕಂತು ಸೇರಿ 60,000 ಕೈಗೆ ಬಂದಿರುತ್ತದೆ, ಖರ್ಚು 55,000. ಅಂದರೆ ಕೊನೆಯ 10,000 ಪೂರ್ತಿ ಮುಳುಗಿತು ಅಂತಲೇ ಇಟ್ಟುಕೊಂಡರೂ ವೆಲ್ಡರ್ ಯಾರಿಗೂ ಸಾಲಗಾರನಲ್ಲ. ಅವನ ಕೂಲಿ ಕಡಿಮೆಯಾಯಿತು, ಆದರೆ ಗಂಟು ಹೋಗಲಿಲ್ಲ. ಕೊನೆಗೆ ಉಳಿಸಿಕೊಳ್ಳುವ ಬಾಕಿ ಯಾವತ್ತೂ ನಿಮ್ಮ ಸ್ವಂತ ದುಡಿಮೆಗಿಂತ ಕಡಿಮೆ ಇರಬೇಕು ಅನ್ನುವುದು ಇದಕ್ಕೇ. "ಅರ್ಧ ಅಡ್ವಾನ್ಸ್" ಎನ್ನುವ ರೂಢಿಯ ಮಾತು ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಈ ಶೆಡ್ಡಿನಲ್ಲಿ ಅರ್ಧ ಅಂದರೆ 35,000. ಅದು ಸಾಮಾನಿಗೂ ಸಾಲದು. ಅದೇ ಗಿರಾಕಿಯೇ ಬಣ್ಣ ತಂದುಕೊಟ್ಟ ಪೇಂಟಿಂಗ್ ಕೆಲಸಕ್ಕೆ ಅರ್ಧ ಬೇಕಿಲ್ಲ, ವಾರದ ಆಳಿನ ಪಗಾರದಷ್ಟು ಮುಂಗಡ ಸಾಕು. ಅಡ್ವಾನ್ಸಿನ ಅಳತೆ ಸಾಮಾನಿನ ಬೆಲೆ, ಒಟ್ಟು ರೇಟಿನ ಅರ್ಧ ಅಲ್ಲ.

ಎರಡನೇ ಕಂತು ಚೌಕಟ್ಟಿನ ಹೊತ್ತಿಗೇ ಯಾಕೆ? ಅಲ್ಲಿ ಗಿರಾಕಿಗೆ ಕೆಲಸ ಕಣ್ಣಿಗೆ ಕಾಣುತ್ತದೆ, ನೆರಳು ಮಾತ್ರ ಇನ್ನೂ ಸಿಕ್ಕಿರುವುದಿಲ್ಲ. ತಗಡು ಹೊದಿಸಿದ ಮೇಲೆ ದನ ಒಳಗೆ ಬಂದವು ಅಂದರೆ ಅವನ ಅವಸರ ಮುಗಿಯಿತು. ಅವನ ಅವಸರ ಮುಗಿಯುವ ಮುಂಚೆ ನಿಮ್ಮ ಖರ್ಚು ಮುಗಿದಿರಬೇಕು. ಮನೆ ಗ್ರಿಲ್ ಆದರೆ ಕಿಟಕಿಗೆ ಕೂರಿಸುವ ಮುಂಚೆ, ಬೋರಿನ ಮೋಟಾರು ಆದರೆ ಕಟ್ಟಿ ಓಡಿಸಿ ತೋರಿಸಿದ ಮೇಲೆ, ಬಂಡಿಗೆ ಏರಿಸುವ ಮುಂಚೆ ಆ ಕಂತು ಬರುತ್ತದೆ.

ಕೇಳುವ ಮಾತು ಹೇಗಿರಬೇಕು? "ಅಡ್ವಾನ್ಸ್ ಕೊಡ್ರಿ" ಅಂದರೆ ಗಿರಾಕಿಗೆ ನೀವು ಅವನ ರೊಕ್ಕ ಕಿಸೆಗೆ ಹಾಕಿಕೊಳ್ಳುತ್ತೀರಿ ಅನ್ನಿಸುತ್ತದೆ. ಅದರ ಬದಲು ಸಾಮಾನಿನ ಚೀಟಿ ಮುಂದಿಡಿ: "ಅಣ್ಣಾರ, ಪೈಪು ತಗಡಿಗೆ ಇಷ್ಟ ಆಗ್ತೈತಿ. ಪೈಪು ಕಿಲೋ ಲೆಕ್ಕದ ಮ್ಯಾಲ ಬರ್ತೈತಿ, ರೇಟು ಏರಿಳಿತ ಇರ್ತೈತಿ. ನೀವ ಬರ್ರಿ, ಅಂಗಡ್ಯಾಗ ನೀವ ಕೊಡ್ರಿ, ಬಿಲ್ಲು ನಿಮ್ಮ ಹೆಸರಿಗೆ ಇರ್ಲಿ. ನನ್ನ ಕೂಲಿ ಆಮ್ಯಾಲ ನೋಡೂಣು." ಈ ಮಾತಿಗೆ ಸಿಟ್ಟಾಗುವವರು ಕಡಿಮೆ. ರೊಕ್ಕ ನೇರ ಕಬ್ಬಿಣದಂಗಡಿಗೆ ಹೋಗುತ್ತದೆ, ಗಿರಾಕಿಗೆ ಸಾಮಾನಿನ ಖರೆ ಬೆಲೆ ಗೊತ್ತಾಗುತ್ತದೆ, ನಿಮ್ಮ ಹೆಸರಿಗೆ ಉದ್ರಿ ಏರುವುದಿಲ್ಲ. ಇದರಲ್ಲಿ ಒಂದು ನಷ್ಟವೂ ಇದೆ. ಸಾಮಾನಿನ ಮೇಲೆ ನಾಲ್ಕು ಕಾಸು ಇಟ್ಟುಕೊಳ್ಳುವ ರೂಢಿ ಇದ್ದವರಿಗೆ ಅದು ಸಿಗುವುದಿಲ್ಲ. ಆ ಪಾಲನ್ನು ಕೂಲಿಯಲ್ಲೇ ಬಿಚ್ಚಿ ಹೇಳಿ ಸೇರಿಸಬೇಕು.

ಸುಗ್ಗಿ ಅಂದರೆ ಯಾವ ಸುಗ್ಗಿ?

ಕೊನೆಯ ಬಾಕಿಗೆ ದಿನ ಹಾಕುವಾಗ "ಸುಗ್ಗಿಗೆ" ಅನ್ನುವುದನ್ನು ಹಾಗೇ ಒಪ್ಪಬೇಡಿ. ಈ ಜಿಲ್ಲೆಯಲ್ಲಿ ಸುಗ್ಗಿ ಒಂದೇ ಹೊತ್ತಿಗೆ ಬರುವುದಿಲ್ಲ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಮುಂಗಾರು ಬೆಳೆಯ ಕಟಾವು ಹೆಚ್ಚಾಗಿ ನವೆಂಬರ್–ಡಿಸೆಂಬರಿಗೆ, ಬೇಸಿಗೆ ಬೆಳೆ ಬಂದರೆ ಏಪ್ರಿಲ್–ಮೇ ಹೊತ್ತಿಗೆ. ಯಲಬುರ್ಗಾ, ಕುಷ್ಟಗಿ ಬಹುಪಾಲು ಮಳೆಯ ನಾಡು. ಹೆಸರು ಬೇಗ ಬರುತ್ತದೆ, ಸಜ್ಜೆ, ಮೆಕ್ಕೆಜೋಳ ಆಮೇಲೆ. ಎರೆಹೊಲದ ಹಿಂಗಾರಿ ಕಡಲೆ, ಬಿಳಿಜೋಳ ಸಂಕ್ರಾಂತಿ ದಾಟಿದ ಮೇಲೆ. ಹಾಗಾಗಿ ಕೇಳಬೇಕಾದ ಪ್ರಶ್ನೆ "ಯಾವ ಬೆಳಿ ಮ್ಯಾಲ ಕೊಡ್ತೀರಿ, ಅದು ಎಂದ ಮಾರ್ತೀರಿ?" ಎಂಬುದು. ಮಾರಿದ ದಿನಕ್ಕೂ ದಲಾಲಿ ಅಂಗಡಿಯಿಂದ ರೊಕ್ಕ ಕೈಗೆ ಬರುವ ದಿನಕ್ಕೂ ಅಂತರ ಇರುತ್ತದೆ. ಅದನ್ನೂ ಸೇರಿಸಿ ಒಂದು ತಾರೀಕು ಹಾಕಿ. "ಕೊಪ್ಪಳ ಜಾತ್ರಿ ಮುಗದ ಎಂಟು ದಿನಕ್ಕ" ಅಂದರೂ ಸರಿ, ಜನವರಿಯ ಗವಿಮಠದ ಜಾತ್ರೆಯ ದಿನ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಅದರ ಪಕ್ಕದಲ್ಲಿ ತಾರೀಕು ಬರೆಯಿರಿ.

ಬೆಳೆಯ ಮೇಲೆ ನಿಂತ ಬಾಕಿಗೆ ಬೆಳೆಯಷ್ಟೇ ಅಪಾಯ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತಡೆಗೇಟು ಕೂರಿಸುವವರೆಗೆ ಜಲಾಶಯದ ನೀರು ನದಿಗೆ ಹರಿಯುತ್ತಿದ್ದ ಆ ದಿನಗಳಲ್ಲಿ ಕಾಲುವೆ ನಂಬಿದ ಪ್ರತಿ ಉದ್ರಿ ಲೆಕ್ಕವೂ ತೂಗಾಡುತ್ತಿತ್ತು. ಮುಂದೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು ಅನ್ನುವುದು ಬೇರೆ ಮಾತು. ಬೆಳೆಯ ಮೇಲೆ 10,000 ಬಿಟ್ಟವನು ಅಂಥ ವಾರದಲ್ಲಿ ನಿದ್ದೆ ಮಾಡುತ್ತಾನೆ, 50,000 ಬಿಟ್ಟವನಿಗೆ ನಿದ್ದೆ ಇರುವುದಿಲ್ಲ.

ನೆನಪು ಮಾಡುವುದು, ಕಾಡುವುದಲ್ಲ

ದಿನ ದಾಟಿದ ಮೇಲೆ ಮೊದಲ ಸಲ ಕೇಳಿದರೆ ಅದು ತಗಾದೆ. ದಿನಕ್ಕೆ ಮೂರು ದಿನ ಮುಂಚೆ ಹೇಳಿದರೆ ಅದು ನೆನಪು. ಎರಡರ ನಡುವೆ ಬಹಳ ಫರಕು ಇದೆ. ಮೊದಲ ಮೆಸೇಜು ಮುಂಚೆಯೇ ಹೋಗಲಿ, ಕೆಲಸದ ಕ್ಷೇಮ ಕೇಳಿಕೊಂಡೇ ಹೋಗಲಿ:

"ಅಣ್ಣಾರ ನಮಸ್ಕಾರ್ರಿ. ಶೆಡ್ಡು ಹೆಂಗೈತ್ರಿ, ಮಳಿಗಾಳಿಗೆ ಏನೂ ತೊಂದ್ರಿ ಇಲ್ಲಲ್ರಿ? ಬರೂ ಸೋಮವಾರ 10,000 ಬಾಕಿ ಕೊಡೂದೈತಿ ಅಂತ ನೆನಪ ಮಾಡಾಕ ಹಚ್ಚೀನ್ರಿ."

ಈ ಮೆಸೇಜಿನ ಮೊದಲ ಪ್ರಶ್ನೆ ಬರೀ ಮರ್ಯಾದೆಯ ಮಾತಲ್ಲ. ಗಿರಾಕಿಗೆ ಕೆಲಸದ ಮೇಲೆ ತಕರಾರಿದ್ದರೆ ಈಗಲೇ ಹೊರಗೆ ಬರುತ್ತದೆ. ಎಷ್ಟೋ ಬಾಕಿ ನಿಲ್ಲುವುದು ರೊಕ್ಕ ಇಲ್ಲದ್ದಕ್ಕಲ್ಲ. ಒಂದು ಕಡೆ ಸೋರುತ್ತದೆ, ಗೇಟು ನೆಲಕ್ಕೆ ತಾಗುತ್ತದೆ, ಹೇಳಲು ಗಿರಾಕಿಗೆ ಸಂಕೋಚ. ಹೇಳದೆ ರೊಕ್ಕ ಹಿಡಿಯುತ್ತಾನೆ. ಕೆಲಸದವನಿಗೆ ಕಾರಣ ಗೊತ್ತಿಲ್ಲದೆ ಬೈದುಕೊಳ್ಳುತ್ತಾನೆ.

ದಿನ ಬಂದಾಗ ಬೆಳಗಿನ ಹೊತ್ತು, ಹೊಲಕ್ಕೆ ಹೋಗುವ ಮುಂಚೆ ಒಂದು ಫೋನು. ಫೋನ್‌ಪೇ ಇದ್ದವರಿಗೆ ಕ್ಯೂಆರ್ ಚಿತ್ರ ಕಳಿಸಿ. ಕೊಡಲು ಮನಸ್ಸಿದ್ದವನಿಗೆ ಅದು ದಾರಿ ಸುಲಭ ಮಾಡುತ್ತದೆ. ದಿನ ದಾಟಿ ಒಂದು ವಾರ ಕಳೆದರೆ ಖುದ್ದು ಹೋಗಿ, ಒಬ್ಬರೇ ಹೋಗಿ. ಚಹಾದಂಗಡಿಯಲ್ಲಿ, ನಾಲ್ಕು ಮಂದಿ ಮುಂದೆ, ಬೀಗರು ಬಂದ ದಿನ, ಹಬ್ಬದ ದಿನ, ಮನೆಯಲ್ಲಿ ಸಾವು ಕಾಯಿಲೆ ಆಗಿರುವಾಗ ಕೇಳಬೇಡಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹೆಸರು ಹಾಕುವುದು, ಊರ ಗುಂಪಿನಲ್ಲಿ ಬರೆಯುವುದು ಬೇಡ. ಮರ್ಯಾದೆ ಕಳೆದುಕೊಂಡವನಿಗೆ ಆಮೇಲೆ ಕೊಡಲು ಕಾರಣವೇ ಉಳಿಯುವುದಿಲ್ಲ, ಜಗಳಕ್ಕೆ ಮಾತ್ರ ಕಾರಣ ಸಿಗುತ್ತದೆ.

ಹೋದಾಗ "ಎಂದ ಕೊಡ್ತೀರಿ?" ಎಂದು ಕೇಳಿ ಬಂದುಬಿಡಬೇಡಿ. "ಇವತ್ತ ಎಷ್ಟ ಆಗ್ತೈತ್ರಿ, ಉಳಿದಿದ್ದಕ್ಕ ಯಾ ತಾರೀಕ ಹಾಕೂಣ್ರಿ?" ಎಂದು ಕೇಳಿ. ಈ ಒಂದು ಪ್ರಶ್ನೆ ಮೂರು ನಮೂನೆಯ ಗಿರಾಕಿಗಳನ್ನು ಬೇರೆ ಮಾಡಿ ತೋರಿಸುತ್ತದೆ. ನಿಜಕ್ಕೂ ರೊಕ್ಕ ಇಲ್ಲದವನು ಸಾವಿರವೋ ಐನೂರೋ ಕೈಗಿಟ್ಟು ತಾರೀಕು ಹೇಳುತ್ತಾನೆ. ಅವನಿಗೆ ಕಂತು ಮಾಡಿಕೊಡಿ, ಸಿಟ್ಟು ಬೇಡ. ಕೆಲಸದ ಮೇಲೆ ಬೇಸರ ಇದ್ದವನು ರೊಕ್ಕದ ಮಾತು ಬಿಟ್ಟು ಕೆಲಸದ ಮಾತಿಗೆ ಬರುತ್ತಾನೆ. ವಾದ ಮಾಡದೆ ನಾಳೆಯೇ ಹೋಗಿ ಅದನ್ನು ಸರಿಮಾಡಿ, ಮುಗಿದ ಗಳಿಗೆಯಲ್ಲೇ ಬಾಕಿ ಕೇಳಿ. ಮೂರನೆಯವನು ಐನೂರನ್ನೂ ಕೊಡುವುದಿಲ್ಲ, ತಾರೀಕನ್ನೂ ಹೇಳುವುದಿಲ್ಲ, "ಓಡಿ ಹೋಗ್ತೀನೇನ ನಾ?" ಅನ್ನುತ್ತಾನೆ. ಅವನಿಗೆ ಮತ್ತೆ ಮತ್ತೆ ಮೆಸೇಜು ಕಳಿಸಿ ಲಾಭವಿಲ್ಲ. ಎರಡನೇ ಸಲ ಇದೇ ಉತ್ತರ ಬಂದರೆ ಕೆಲಸಕ್ಕೆ ನಿಮ್ಮನ್ನು ಜೋಡಿಸಿದ ನಡುವಿನವರನ್ನು ಕರೆದುಕೊಂಡು ಹೋಗಿ. ರೇಟು ಮಾತಾಡುವಾಗಲೇ ಆ ಮನುಷ್ಯ ಎದುರಿಗಿದ್ದರೆ ಈಗ ಅವರ ಮಾತಿಗೆ ತೂಕ ಬರುತ್ತದೆ.

ವಸ್ತು ನಿಮ್ಮ ಕೈಯಲ್ಲಿದ್ದರೆ

ಶೆಡ್ಡು ಗಿರಾಕಿಯ ಹೊಲದಲ್ಲಿ ನಿಂತಿರುತ್ತದೆ. ಆದರೆ ಹೊಲಿದ ಬ್ಲೌಸು, ಕಟ್ಟಿದ ಮೋಟಾರು, ರಿಪೇರಿಯಾದ ಮಿಕ್ಸರ್ ನಿಮ್ಮ ಅಂಗಡಿಯಲ್ಲೇ ಇರುತ್ತವೆ. ಇಲ್ಲಿ ಕಾನೂನು ಕೆಲಸಗಾರನ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಕೆಲಸಕ್ಕೆಂದು ಕೊಟ್ಟ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವನು ತನ್ನ ಕೂಲಿ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಆ ಕಲಮಿನ ಕೆಳಗೆ ಕೊಟ್ಟ ಉದಾಹರಣೆಯೇ ದರ್ಜಿಯದು. ಒಬ್ಬನು ಕೋಟು ಹೊಲಿಯಲು ಬಟ್ಟೆ ಕೊಟ್ಟಿದ್ದಾನೆ. ಹೊಲಿದ ಕೂಡಲೇ ಕೊಡುತ್ತೇನೆ, ರೊಕ್ಕಕ್ಕೆ ಮೂರು ತಿಂಗಳು ಸಮಯ ಅಂತ ದರ್ಜಿ ಮಾತು ಕೊಟ್ಟಿದ್ದಾನೆ. ಹಾಗಿದ್ದರೆ ಕೋಟನ್ನು ಹಿಡಿದಿಡುವ ಹಕ್ಕು ಅವನಿಗಿಲ್ಲ ಅನ್ನುತ್ತದೆ ಕಾಯ್ದೆ. ಅಂದರೆ "ರೊಕ್ಕ ಆಮ್ಯಾಲ ಕೊಡ್ರಿ" ಅನ್ನುವ ಒಂದು ಮಾತಿನಲ್ಲಿ ನೀವು ನಿಮ್ಮ ಹಕ್ಕನ್ನೇ ಬಿಟ್ಟುಕೊಡುತ್ತೀರಿ.

ಈ ಹಕ್ಕಿಗೆ ಒಂದು ಆಯುಷ್ಯವೂ ಇದೆ, ಅದು ಕಾಯ್ದೆಯಲ್ಲಿ ಬರೆದದ್ದಲ್ಲ. ಮದುವೆಯ ಬ್ಲೌಸಿಗೆ ಬೆಲೆ ಮದುವೆಯ ಹಿಂದಿನ ದಿನದವರೆಗೆ. ಅಕ್ಷತೆ ಬಿದ್ದ ಮೇಲೆ ಅದನ್ನು ಇಟ್ಟುಕೊಂಡರೆ ಗಿರಾಕಿಗೆ ಚಿಂತೆಯಿಲ್ಲ, ಇನ್ನೊಬ್ಬರ ಅಳತೆಗೆ ಅದು ಕೂರುವುದೂ ಇಲ್ಲ. "ನಾಳಿ ಮದಿವಿ ಐತಿ, ಕೊಡವ್ವಾ, ಮಂದಿ ಮನ್ಯಾಗ ಕುಂತಾರ" ಎಂದು ಕೊನೆಯ ರಾತ್ರಿ ಬಂದವರಿಗೆ ಇಲ್ಲ ಅನ್ನಲು ಯಾವ ಅಕ್ಕನಿಗೂ ಬಾಯಿ ಬರುವುದಿಲ್ಲ. ಅದಕ್ಕೇ ಕೊಡುವ ದಿನವನ್ನು ಮದುವೆಗೆ ಮೂರು ದಿನ ಮುಂಚೆ ಹಾಕಬೇಕು, ರೊಕ್ಕ ತರಲು ಗಿರಾಕಿಗೂ ಸಮಯ ಇರುತ್ತದೆ. ಅಸ್ತರು, ಲೇಸು, ಹುಕ್ಕಿನ ಖರ್ಚು ಅಳತೆ ತಗೊಳ್ಳುವ ದಿನವೇ ಬರಲಿ. ಐದು ಬ್ಲೌಸಿನ ಗಂಟು ಇದ್ದರೆ ಬಾಕಿ ಇರುವಷ್ಟಕ್ಕೆ ಒಂದೆರಡನ್ನು ಉಳಿಸಿಕೊಂಡು ಮಿಕ್ಕಿದ್ದು ಕೊಡಿ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಕೈಯಲ್ಲಿದ್ದ ವಸ್ತು ಇಟ್ಟುಕೊಳ್ಳುವುದು ಬೇರೆ, ಕೊಟ್ಟ ವಸ್ತುವನ್ನು ಕಿತ್ತು ತರುವುದು ಬೇರೆ. ರೊಕ್ಕ ಕೊಡಲಿಲ್ಲ ಅಂತ ಹಾಕಿದ ಗೇಟನ್ನು ರಾತ್ರಿ ಬಿಚ್ಚಿ ತಂದರೆ, ಮೋಟಾರನ್ನು ಹೊಲದಿಂದ ಎತ್ತಿ ತಂದರೆ ಕಳ್ಳತನದ, ಅತಿಕ್ರಮಣದ ಕೇಸು ನಿಮ್ಮ ಮೇಲೇ ಬೀಳಬಹುದು. ಆಗ 10,000 ಬಾಕಿಯ ಮಾತು ಹಿಂದೆ ಸರಿದು ಠಾಣೆಯ ಮಾತು ಮುಂದೆ ಬರುತ್ತದೆ.

ವಹಿಯಲ್ಲಿ ಒಂದು ಸಹಿ, ಮೂರು ವರ್ಷದ ಗಡುವು

ಸಣ್ಣ ಕೆಲಸಕ್ಕೆ ಛಾಪಾ ಕಾಗದ ಬೇಕಿಲ್ಲ. ಒಂದು ಇನ್ನೂರು ಪುಟದ ವಹಿ ಸಾಕು. ಒಂದು ಕೆಲಸಕ್ಕೆ ಒಂದು ಪುಟ: ಏನು ಕೆಲಸ, ಒಟ್ಟು ಎಷ್ಟು, ಯಾವ ಕಂತು ಯಾವಾಗ, ಕೆಳಗೆ ಗಿರಾಕಿಯ ಸಹಿ. ರೊಕ್ಕ ಬಂದಾಗಲೆಲ್ಲ ತಾರೀಕು, ಬಂದದ್ದು, ಉಳಿದದ್ದು ಬರೆದು ಅವನ ಕೈಲಿ ಸಹಿ ಹಾಕಿಸಿ. ಅದರ ಫೋಟೋ ತೆಗೆದು ಅವನಿಗೂ ಕಳಿಸಿ. ಎರಡು ವರ್ಷದ ಮೇಲೆ "ಎಷ್ಟ ಕೊಟ್ಟಿದ್ನಿ?" ಎನ್ನುವ ಜಗಳ ಬರುವುದಿಲ್ಲ.

ಸಹಿಗೆ ಇನ್ನೂ ದೊಡ್ಡ ಕಾರಣ ಇದೆ. 1963ರ ಕಾಲಮಿತಿ ಕಾಯ್ದೆಯಂತೆ, ಪಾವತಿಗೆ ದಿನ ಗೊತ್ತು ಮಾಡದ ಕೆಲಸದ ಕೂಲಿಗೆ ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. 2025ರ ಫೆಬ್ರವರಿಯಲ್ಲಿ ಮುಗಿದ ಕೆಲಸಕ್ಕೆ 2028ರ ಫೆಬ್ರವರಿ ಗಡುವು. "ಕೊಡ್ತೀನಿ, ಕೊಡ್ತೀನಿ" ಎಂಬ ಬಾಯಿಮಾತಿನಿಂದ ಈ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ಆದರೆ ಗಡುವಿನೊಳಗೆ ಗಿರಾಕಿ ಬಾಕಿ ಇದೆ ಅಂತ ಬರೆದು ಸಹಿ ಮಾಡಿದರೆ, ಅಥವಾ ಸ್ವಲ್ಪ ರೊಕ್ಕ ಕೊಟ್ಟು ಕೊಟ್ಟಿದ್ದಕ್ಕೆ ಸಹಿ ಹಾಕಿದರೆ, ಅಲ್ಲಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. 2026ರ ಡಿಸೆಂಬರಿನಲ್ಲಿ ಎರಡು ಸಾವಿರ ಕೊಟ್ಟು ವಹಿಯಲ್ಲಿ ಸಹಿ ಮಾಡಿದನೋ, ಗಡುವು 2029ರ ಡಿಸೆಂಬರಿಗೆ ಹೋಯಿತು. ಆ ಎರಡು ಸಾವಿರದ ಬೆಲೆ ಎರಡು ಸಾವಿರಕ್ಕಿಂತ ಹೆಚ್ಚು.

ಹತ್ತು ಸಾವಿರಕ್ಕೆ ಕೋರ್ಟು ಹತ್ತುವುದು ಯಾರಿಗೂ ಪರವಡಿಸುವುದಿಲ್ಲ, ಇದು ನಿಜ. ಬರೀ ರೊಕ್ಕ ಕೊಡದಿರುವುದು ಸಿವಿಲ್ ವ್ಯವಹಾರ, ಪೊಲೀಸರು ವಸೂಲಿ ಮಾಡಿಕೊಡುವ ಕೆಲಸವಲ್ಲ. ನಡುವೆ ಒಂದು ದಾರಿ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ, ಇಲ್ಲವೇ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಿಸುತ್ತಾರೆ. ಅದಕ್ಕೆ ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ಇಬ್ಬರೂ ಒಪ್ಪಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ, ಕಂತಿನಲ್ಲಿ ಕೊಡುವ ಒಪ್ಪಂದವನ್ನೂ ಅದರಲ್ಲಿ ಬರೆಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಮಿತಿ ಏನೆಂದರೆ ಗಿರಾಕಿ ಬರದಿದ್ದರೆ, ಬಂದೂ ಒಪ್ಪದಿದ್ದರೆ ಅಲ್ಲಿ ಹೆಚ್ಚೇನೂ ಆಗದು. ಆದರೆ ಸಮಿತಿಯ ಕಾಗದ ಮನೆ ಬಾಗಿಲಿಗೆ ಬಂದಾಗ ತಾರೀಕು ನೆನಪಾಗುವವರೂ ಇದ್ದಾರೆ.

ಕೇಳುವ ಬಾಯಿ ಎಲ್ಲರದೂ ಒಂದೇ ಅಲ್ಲ

ಮರ್ಯಾದೆಯಿಂದ ಕೇಳಿ ಅನ್ನುವ ಸಲಹೆ ಎಲ್ಲರ ಮೇಲೂ ಒಂದೇ ತೂಕ ಬೀಳುವುದಿಲ್ಲ. ಪೇಟೆಯ ಅಂಗಡಿಯವನು ಊರ ಗೌಡರನ್ನು ಕೇಳುವುದು ಬೇರೆ, ಅದೇ ಊರಿನ ಕೇರಿಯ ಗೌಂಡಿ ಅದೇ ಗೌಡರ ಮನೆ ಬಾಗಿಲಲ್ಲಿ ನಿಂತು ಕೇಳುವುದು ಬೇರೆ. ನಾಳೆಯ ಕೆಲಸವೂ ಅದೇ ಬಾಗಿಲಿಂದ ಬರಬೇಕು. ಹೊಲಿಯುವ ಹೆಣ್ಣುಮಗಳಿಗೆ "ಮನ್ಯಾಗ ಕುಂತ ಮಾಡೂ ಕೆಲಸ, ಅದಕ್ಕೇನ ಅವಸರ" ಎಂಬ ಉತ್ತರ ಸಿಗುತ್ತದೆ. ಇಂಥವರ ಬಾಕಿಯೇ ಹೆಚ್ಚು ದಿನ ನಿಲ್ಲುತ್ತದೆ, ಕೊನೆಗೆ ಎಷ್ಟೋ ಬಾಕಿ ಬಾಯಿಬಿಡದೆ ಮುಳುಗುತ್ತವೆ.

ಅದಕ್ಕೇ ನಿಯಮ ಮನುಷ್ಯನ ಬಾಯಿಂದ ಬರುವುದಕ್ಕಿಂತ ಗೋಡೆಯ ಮೇಲಿಂದ ಬರುವುದು ಒಳ್ಳೇದು. "ಸಾಮಾನಿನ ಹಣ ಮೊದಲು, ಉಳಿದದ್ದು ವಸ್ತು ಒಯ್ಯುವಾಗ" ಎಂದು ಒಂದು ಹಲಗೆ ಹಾಕಿದರೆ ಅದು ಗೌಡರಿಗೂ ಒಂದೇ, ಗಡಿಯಿಂದ ಬಂದವರಿಗೂ ಒಂದೇ. ಕೇಳಿದವರ ಮುಖ ನೋಡಿ ನಿಯಮ ಬದಲಾಗುವುದಿಲ್ಲವೆಂದರೆ ಅದು ಯಾರಿಗೂ ಅವಮಾನವಲ್ಲ. ಒಂದೇ ಓಣಿಯ ನಾಲ್ಕು ವೆಲ್ಡಿಂಗ್ ಅಂಗಡಿಗಳು, ಒಂದೇ ಸ್ವಸಹಾಯ ಸಂಘದ ಹತ್ತು ಹೊಲಿಗೆ ಅಕ್ಕಂದಿರು ಇದೇ ಹಲಗೆ ಹಾಕಿದರೆ "ಅಲ್ಲಿ ಅಡ್ವಾನ್ಸ್ ಇಲ್ದ ಮಾಡ್ತಾರ" ಎಂಬ ಮಾತಿಗೂ ಜಾಗ ಇರುವುದಿಲ್ಲ. ಹಲಗೆ ಒಂದೇ ಅಂಗಡಿಯಲ್ಲಿದ್ದರೆ ಮೊದಲ ತಿಂಗಳು ಒಂದಿಬ್ಬರು ಗಿರಾಕಿ ಪಕ್ಕದ ಅಂಗಡಿಗೆ ಹೋಗಬಹುದು. ಅವರು ಯಾವ ನಮೂನೆಯ ಗಿರಾಕಿ ಅಂತ ಪಕ್ಕದ ಅಂಗಡಿಯವನ ವಹಿ ಆರು ತಿಂಗಳಲ್ಲಿ ಹೇಳುತ್ತದೆ.